ಒಂದೇ ಶರಬತ್ತಿಗೆ ಮೂರು ಹಾಳೆ: ಅನುಪಾತದ ಕಾರ್ಯಹಾಳೆಯನ್ನು ಮೂರು ಮಟ್ಟದಲ್ಲಿ ಮಾಡಿದ ಬಗೆ

ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿ ನೀರಿನ ಸಂಯೋಜನೆಯ ಪಾಠ ಮಾಡುತ್ತಿದ್ದೆ. ನೀರಿನಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ದ್ರವ್ಯರಾಶಿಯ ಲೆಕ್ಕದಲ್ಲಿ ಯಾವಾಗಲೂ 1:8 ಅನುಪಾತದಲ್ಲೇ ಇರುತ್ತವೆ, ಬಾವಿಯ ನೀರಾದರೂ ಸರಿ, ಮಳೆ ನೀರಾದರೂ ಸರಿ ಎಂದು ಹೇಳಿ, "ಹಾಗಾದ್ರೆ 3 ಗ್ರಾಂ ಹೈಡ್ರೋಜನ್ ಜೊತೆ ಎಷ್ಟು ಗ್ರಾಂ ಆಕ್ಸಿಜನ್ ಸೇರ್ತದೆ?" ಎಂದು ಕೇಳಿದೆ. ಎದುರು ಬೆಂಚಿನ ಹುಡುಗ ತಡವಿಲ್ಲದೆ 10 ಎಂದ. ಹೇಗೆ ಅಂತ ಕೇಳಿದರೆ ಅವನ ಬಳಿ ಕಾರಣವೂ ಇತ್ತು. "1 ಇದ್ದದ್ದು 3 ಆಯ್ತಲ್ಲ ಟೀಚರೇ, 2 ಜಾಸ್ತಿ ಆಯ್ತು. ಹಾಗೆ 8ಕ್ಕೂ 2 ಜಾಸ್ತಿ ಆಗ್ಬೇಕು." ತಲೆಯಾಡಿಸಿ ಒಪ್ಪಿದವರು ಅವನ ಹಿಂದೆ ಇನ್ನೂ ಏಳೆಂಟು ಮಂದಿ ಇದ್ದರು.

ರಸಾಯನಶಾಸ್ತ್ರದ ಪಾಠ ಅಲ್ಲಿಗೇ ನಿಂತಿತು. ಆ ಹುಡುಗನಿಗೆ ಹೈಡ್ರೋಜನ್ ಗೊತ್ತಿಲ್ಲ ಅಂತಲ್ಲ. ಅನುಪಾತ ಅಂದರೆ ಅವನಿಗೆ ವ್ಯತ್ಯಾಸ, ಅಷ್ಟೇ. ಇದೇ ತರಗತಿಯಲ್ಲಿ ಟ್ಯೂಷನ್‌ಗೆ ಹೋಗಿ ಅಡ್ಡ ಗುಣಾಕಾರ ಕಲಿತು ಬಂದವರಿದ್ದಾರೆ, ಕೋಷ್ಟಕ ಕೊಟ್ಟರೆ ಮಾಡುವವರು, ಇಲ್ಲದಿದ್ದರೆ ಕೈಕಟ್ಟಿ ಕೂರುವವರೂ ಇದ್ದಾರೆ. ಒಂದೇ ವರ್ಕ್‌ಶೀಟ್ ಎಲ್ಲರಿಗೂ ಕೊಟ್ಟರೆ ಕೆಲವರು ಐದು ನಿಮಿಷದಲ್ಲಿ ಮುಗಿಸಿ ಪಕ್ಕದವನ ಪೆನ್ನು ಕಿತ್ತುಕೊಳ್ಳುತ್ತಾರೆ, ಕೆಲವರು ಹೆಸರು ಬರೆದು ಸುಮ್ಮನಾಗುತ್ತಾರೆ. ಅದಕ್ಕೇ ಸುಲಭ, ಮಧ್ಯಮ, ಕಠಿಣ ಅಂತ ಮೂರು ಹಾಳೆ ಮಾಡಲು ಹೊರಟೆ.

ಮೊದಲ ಸಲ ಮಾಡಿದ್ದು ಪೂರ್ತಿ ತಪ್ಪಾಯಿತು. ಅದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಹಾಗೆಯೇ. ಸುಲಭದ ಹಾಳೆಯಲ್ಲಿ ಸಣ್ಣ ಸಂಖ್ಯೆಯ ಐದು ಲೆಕ್ಕ, ಕಠಿಣದ ಹಾಳೆಯಲ್ಲಿ ದೊಡ್ಡ ಸಂಖ್ಯೆಯ ಹದಿನೈದು ಲೆಕ್ಕ ಹಾಕಿದೆ. ಸುಲಭದ ಹಾಳೆಗೆ ಮಕ್ಕಳಿಗೆ ಗೊತ್ತಿರುವ ವಿಷಯವೇ ಇರಲಿ ಎಂದು ಅಡಿಕೆ ಮರಕ್ಕೆ ಬಿಡುವ ಮದ್ದನ್ನು ಆರಿಸಿಕೊಂಡೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. "3 ಕಿಲೋ ಮೈಲುತುತ್ತಿಗೆ ಎಷ್ಟು ಸುಣ್ಣ?" ಎಲ್ಲರೂ 3 ಎಂದು ಬರೆದರು, ನಾನು ಎಲ್ಲದಕ್ಕೂ ಸರಿ ಗುರುತು ಹಾಕಿದೆ. ಆದರೆ 1:1 ಎನ್ನುವುದು ಯಾರನ್ನೂ ಪರೀಕ್ಷಿಸದ ಅನುಪಾತ. 2 ಕೂಡಿಸುವವನಿಗೂ 3 ಸಿಗುತ್ತದೆ, 3ರಿಂದ ಗುಣಿಸುವವನಿಗೂ 3 ಸಿಗುತ್ತದೆ. ತಪ್ಪು ಯೋಚನೆ ಸರಿ ಉತ್ತರದ ಹಿಂದೆ ಅಡಗಿ ಕೂತಿತ್ತು.

ಕಠಿಣದ ಹಾಳೆಯೂ ಹೆಸರಿಗೆ ಮಾತ್ರ ಕಠಿಣ. ಅದರಲ್ಲಿ 125:375 = 250:? ಎಂಬ ಲೆಕ್ಕ ಇತ್ತು. ನೋಡಲು ಭಾರ. ಆದರೆ 125ರ ಎರಡರಷ್ಟು 250, ಆದ್ದರಿಂದ 375ರ ಎರಡರಷ್ಟು 750, ಅಲ್ಲಿಗೆ ಮುಗಿಯಿತು. ಈಗ 4:10 = 6:? ನೋಡಿ. ಸಣ್ಣ ಸಂಖ್ಯೆಗಳ ಲೆಕ್ಕ. ಆದರೆ 4ರಿಂದ 6ಕ್ಕೆ ಹೋಗಲು ಪೂರ್ಣ ಸಂಖ್ಯೆಯಿಂದ ಗುಣಿಸಲಾಗುವುದಿಲ್ಲ, 4ರಿಂದ 10ಕ್ಕೆ ಹೋಗಲೂ ಆಗುವುದಿಲ್ಲ. ಇಲ್ಲಿ ದೊಡ್ಡ ದೊಡ್ಡ ಲೆಕ್ಕ ಮಾಡುವ ಮಕ್ಕಳೂ ಎಡವುತ್ತಾರೆ. 125:375 ಗುಣಾಕಾರದ ಮಗ್ಗಿಯನ್ನು ಪರೀಕ್ಷಿಸುತ್ತದೆ, 4:10 ಅನುಪಾತದ ತಿಳಿವನ್ನು ಪರೀಕ್ಷಿಸುತ್ತದೆ. ಹಾಳೆಯ ಮಟ್ಟ ನಿಲ್ಲುವುದು ಸಂಖ್ಯೆಯ ಗಾತ್ರದ ಮೇಲಲ್ಲ, ಸಂಖ್ಯೆಗಳ ನಡುವಿನ ಸಂಬಂಧದ ಮೇಲೆ. ಇಷ್ಟು ತಿಳಿಯಲು ನನಗೆ ಒಂದು ವಾರ ಮತ್ತು ಎಂಬತ್ತನಾಲ್ಕು ಜೆರಾಕ್ಸ್ ಬೇಕಾಯಿತು.

ಎರಡನೇ ಸಲ ಹಾಳೆ ಮಾಡುವ ಮುಂಚೆ ಒಂದು ಚೀಟಿ ಕೊಟ್ಟೆ. ಹತ್ತು ನಿಮಿಷ, ಎರಡೇ ಪ್ರಶ್ನೆ. ಎರಡೂ ಪುನರ್ಪುಳಿ ಶರಬತ್ತಿನದ್ದು.

ಒಂದು: 2 ಲೋಟ ಸಿರಪ್‌ಗೆ 6 ಲೋಟ ನೀರು ಹಾಕಿದ್ದೇವೆ. ಅದೇ ರುಚಿ ಬರಲು 5 ಲೋಟ ಸಿರಪ್‌ಗೆ ಎಷ್ಟು ಲೋಟ ನೀರು?
ಎರಡು: 4 ಲೋಟ ಸಿರಪ್‌ಗೆ 10 ಲೋಟ ನೀರು ಹಾಕಿದ್ದೇವೆ. ಅದೇ ರುಚಿ ಬರಲು 6 ಲೋಟ ಸಿರಪ್‌ಗೆ ಎಷ್ಟು ಲೋಟ ನೀರು?

ಎರಡಕ್ಕೂ ಸರಿ ಉತ್ತರ 15. ವ್ಯತ್ಯಾಸ ಕೂಡಿಸುವವರಿಗೆ ಮೊದಲನೆಯದು 9, ಎರಡನೆಯದು 12 ಬರುತ್ತದೆ. ಸಂಖ್ಯೆಗಳನ್ನು ಬೇಕೆಂದೇ ಹಾಗೆ ಆರಿಸಿದ್ದು. ಉತ್ತರ ನೋಡಿದರೆ ಸಾಕು, ಮಗು ಹೇಗೆ ಯೋಚಿಸಿತು ಅಂತ ತಿಳಿಯಬೇಕು. ನನ್ನ ತರಗತಿಯ 28 ಮಂದಿಯಲ್ಲಿ 9 ಮಂದಿ "9, 12" ಬರೆದರು. 11 ಮಂದಿ "15, 12" ಬರೆದರು. 6 ಮಂದಿ "15, 15". ಉಳಿದ ಇಬ್ಬರು ಖಾಲಿ ಬಿಟ್ಟರು.

ನಡುವಿನ ಆ 11 ಮಂದಿಯನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲ ಪ್ರಶ್ನೆಯಲ್ಲಿ ನೀರು ಸಿರಪ್ಪಿನ ಮೂರು ಪಟ್ಟು ಎಂದು ಅವರಿಗೆ ಸರಿಯಾಗಿ ಕಂಡಿದೆ. ಎರಡನೆಯದರಲ್ಲಿ ಎರಡೂವರೆ ಪಟ್ಟು ಬಂದ ಕೂಡಲೇ ಅದು ಕಾಣುವುದು ನಿಂತು, ಅದೇ ಮಕ್ಕಳು ಕೂಡಿಸಲು ಶುರು ಮಾಡಿದ್ದಾರೆ. ಅಂದರೆ ಗುಣಿಸಿ ಯೋಚಿಸುವುದು ಅವರಿಗೆ ಬರುತ್ತದೆ, ಸಂಖ್ಯೆ ಸಲೀಸಾಗಿ ಭಾಗವಾಗುವ ತನಕ ಮಾತ್ರ. ಇವರನ್ನು 9 ಬರೆದವರ ಜೊತೆ ಕೂರಿಸಿದರೆ ಬೇಸರ ಬರುತ್ತದೆ, ಎರಡೂ ಸರಿ ಬರೆದವರ ಜೊತೆ ಕೂರಿಸಿದರೆ ನಕಲು ಮಾಡುತ್ತಾರೆ. ಮಧ್ಯಮದ ಹಾಳೆ ಇರಬೇಕಾದ್ದು ಇವರಿಗಾಗಿ.

ಒಂದು ಎಚ್ಚರಿಕೆ ಇದೆ. ಕೂಡಿಸುವವರೆಲ್ಲ ತಪ್ಪು ಮಾಡುವವರಲ್ಲ. ಒಬ್ಬ ಹುಡುಗಿ ಎರಡನೇ ಪ್ರಶ್ನೆಗೆ "4ಕ್ಕೆ 10, 2ಕ್ಕೆ 5, ಒಟ್ಟು 6ಕ್ಕೆ 15" ಎಂದು ಬರೆದಿದ್ದಳು. ಇಲ್ಲಿಯೂ ಕೂಡಿಸಿದ್ದಾಳೆ, ಆದರೆ ಸಿರಪ್ಪು ನೀರು ಎರಡನ್ನೂ ಜೋಡಿಯಾಗಿ ಕೂಡಿಸಿದ್ದಾಳೆ. ಇದು ಸರಿಯಾದ ದಾರಿ, ಗುಣಿಸುವುದಕ್ಕೆ ಹೋಗುವ ಮೆಟ್ಟಿಲು. ಎರಡೂ ಕಡೆ ಒಂದೇ ಸಂಖ್ಯೆ ಕೂಡಿಸುವುದು ಬೇರೆ, ಜೋಡಿಗೆ ಜೋಡಿ ಕೂಡಿಸುವುದು ಬೇರೆ. "ಕೂಡಿಸಬೇಡಿ, ಗುಣಿಸಿ" ಎಂದು ಬೋರ್ಡಿನ ಮೇಲೆ ಬರೆದರೆ ಈ ಹುಡುಗಿಯ ದಾರಿಯನ್ನೂ ಮುಚ್ಚಿದ ಹಾಗಾಗುತ್ತದೆ.

ಇನ್ನು ಹಾಳೆಗಳು. ಮೂರಕ್ಕೂ ಒಂದೇ ತಲೆಬರಹ, ಒಂದೇ ಕತೆ: ಕ್ರೀಡಾಕೂಟದ ದಿನ ಪುನರ್ಪುಳಿ ಶರಬತ್ತು ಮಾಡುವುದು. ಮೂರರಲ್ಲೂ ಏಳೇ ಪ್ರಶ್ನೆ. ಮೊದಲ ಐದು ಆಯಾ ಹಾಳೆಯದ್ದು, ಕೊನೆಯ ಎರಡು ಎಲ್ಲರಿಗೂ ಸಮಾನ. ಪುಟದ ಮೂಲೆಯಲ್ಲಿ ಎಲೆ, ಹೂ, ಕಾಯಿ ಎಂದು ಸಣ್ಣ ಚಿತ್ರ ಬಿಡಿಸಿ ಗುರುತು ಮಾಡಿಕೊಂಡೆ.

ಎಲೆಯ ಹಾಳೆ (ಸುಲಭ): 3 ಲೋಟ ಸಿರಪ್‌ಗೆ 12 ಲೋಟ ನೀರು. ಕೋಷ್ಟಕ ಎಳೆದೇ ಕೊಟ್ಟಿದೆ, ಮೊದಲ ಸಾಲು ತುಂಬಿದೆ.
1. ಸಿರಪ್ 6 ಲೋಟ ಆದರೆ ನೀರು ಎಷ್ಟು?
2. ಸಿರಪ್ 15 ಲೋಟ ಆದರೆ?
3. ಸಿರಪ್ 1 ಲೋಟ ಆದರೆ?
4. ಸಿರಪ್ 7 ಲೋಟ ಆದರೆ?
5. ಇನ್ನೊಂದು ಶರಬತ್ತಿನಲ್ಲಿ 2 ಲೋಟ ಸಿರಪ್‌ಗೆ 5 ಲೋಟ ನೀರು. 4 ಲೋಟಕ್ಕೆ ಎಷ್ಟು? 6 ಲೋಟಕ್ಕೆ ಎಷ್ಟು?

ಇಲ್ಲಿ ಎರಡು ದಿಕ್ಕಿನಿಂದಲೂ ಸಂಖ್ಯೆ ಸಲೀಸು. ನೀರು ಸಿರಪ್ಪಿನ 4 ಪಟ್ಟು, 15 ಎನ್ನುವುದು 3ರ 5 ಪಟ್ಟು. ಆದರೂ ತಪ್ಪು ಯೋಚನೆ ಅಡಗಲು ಜಾಗ ಇಲ್ಲ: ವ್ಯತ್ಯಾಸ ಕೂಡಿಸುವವನಿಗೆ ಮೊದಲನೆಯದರಲ್ಲಿ 24ರ ಬದಲು 15 ಬರುತ್ತದೆ. ನಾಲ್ಕನೇ ಪ್ರಶ್ನೆ ಈ ಹಾಳೆಯ ತಿರುವು. 3, 6, 9 ಎಂದು ಜೋಡಿ ಕೂಡಿಸುತ್ತಾ ಬಂದವರಿಗೆ 7 ಸಿಗುವುದಿಲ್ಲ. 1 ಲೋಟಕ್ಕೆ ಇಳಿದು ಅಲ್ಲಿಂದ 28ಕ್ಕೆ ಹತ್ತಬೇಕು. ಮೂರನೇ ಪ್ರಶ್ನೆ ಅದಕ್ಕೆ ಇಟ್ಟ ಏಣಿ. ಮೊದಲು ಅದನ್ನು ಇಟ್ಟಿರಲಿಲ್ಲ, ಆಗ 7ರ ಬಳಿ ಇಡೀ ಗುಂಪು ನಿಂತುಬಿಟ್ಟಿತ್ತು.

ಹೂವಿನ ಹಾಳೆ (ಮಧ್ಯಮ): 4 ಲೋಟ ಸಿರಪ್‌ಗೆ 10 ಲೋಟ ನೀರು. ಖಾಲಿ ಕೋಷ್ಟಕ ಮಾತ್ರ.
1. ಸಿರಪ್ 12 ಲೋಟ ಆದರೆ ನೀರು ಎಷ್ಟು?
2. ಸಿರಪ್ 2 ಲೋಟ ಆದರೆ?
3. ಸಿರಪ್ 6 ಲೋಟ ಆದರೆ?
4. ನೀರು 25 ಲೋಟ ಇದೆ. ಸಿರಪ್ ಎಷ್ಟು ಬೇಕು?
5. 4 ಲೋಟ ಸಿರಪ್, 10 ಲೋಟ ನೀರು ಸೇರಿ ಒಟ್ಟು ಎಷ್ಟು ಲೋಟ ಶರಬತ್ತು? 28 ಲೋಟ ಶರಬತ್ತು ಬೇಕಾದರೆ ಸಿರಪ್ ಎಷ್ಟು?

ಇಲ್ಲಿ ಬದಲಿಸಿದ್ದು ಮುಖ್ಯವಾಗಿ ಒಂದೇ ವಿಷಯ: ನೀರು ಸಿರಪ್ಪಿನ ಎಷ್ಟು ಪಟ್ಟು ಎಂಬುದು ಈಗ ಪೂರ್ಣ ಸಂಖ್ಯೆಯಲ್ಲ. ಕತೆ ಅದೇ, ಶಬ್ದಗಳೂ ಬಹುಪಾಲು ಅವೇ. ಕತೆ, ಸಂಖ್ಯೆ, ಪ್ರಶ್ನೆಯ ರೀತಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮಗು ಎಲ್ಲಿ ಎಡವಿತು ಅಂತ ನಮಗೂ ಗೊತ್ತಾಗುವುದಿಲ್ಲ. ಮೂರನೇ ಪ್ರಶ್ನೆ ಚೀಟಿಯಲ್ಲಿ ಅವರು ತಪ್ಪಿಸಿಕೊಂಡ ಅದೇ ಪ್ರಶ್ನೆ. ಈ ಸಲ ಎರಡನೆಯದರ 5 ಪಕ್ಕದಲ್ಲೇ ಇದೆ. 12 ಎಂದು ಮತ್ತೆ ಬರೆದ ಒಬ್ಬಳಿಗೆ ನಾನು ಹೇಳಿದ್ದು ಇಷ್ಟೇ: "4 ಲೋಟದ್ದು ಒಂದು ಪಾತ್ರೆ, 2 ಲೋಟದ್ದು ಒಂದು ಪಾತ್ರೆ. ಎರಡನ್ನೂ ಒಂದಕ್ಕೆ ಸುರಿ. ಈಗ ನೀರೆಷ್ಟು?" ಸ್ವಲ್ಪ ಹೊತ್ತು ನೋಡಿ ತಾನೇ ಅಳಿಸಿದಳು.

ಕಾಯಿಯ ಹಾಳೆ (ಕಠಿಣ): 21 ಲೋಟ ಶರಬತ್ತಿನಲ್ಲಿ 6 ಲೋಟ ಸಿರಪ್ ಇದೆ, ಉಳಿದದ್ದು ನೀರು. ಕೋಷ್ಟಕ ಇಲ್ಲ.
1. 56 ಲೋಟ ಶರಬತ್ತು ಬೇಕು. ಸಿರಪ್ ಎಷ್ಟು, ನೀರು ಎಷ್ಟು?
2. ಸಿರಪ್ 9 ಲೋಟ ಮಾತ್ರ ಇದ್ದರೆ ನೀರು ಎಷ್ಟು?
3. ಯಾರೋ 10 ಲೋಟ ಸಿರಪ್‌ಗೆ 20 ಲೋಟ ನೀರು ಹಾಕಿದ್ದಾರೆ. ನಮ್ಮ ರುಚಿಗೆ ತರಲು ಏನು ಮಾಡಬೇಕು?
4. 4, 10, 6, 15 ಈ ನಾಲ್ಕು ಸಂಖ್ಯೆ ಸರಿಹೊಂದುವ ಒಂದು ಕತೆ ಬರೆಯಿರಿ. 4, 10, 6, 12 ಸರಿಹೊಂದುವ ಇನ್ನೊಂದು ಕತೆ ಬರೆಯಿರಿ.
5. ಆರನೇ ಪ್ರಶ್ನೆಯ ಎರಡು ಪಾತ್ರೆಗಳನ್ನು ಒಂದಕ್ಕೆ ಸುರಿದರೆ ರುಚಿ ಹೇಗಿರುತ್ತದೆ?

ಮೊದಲ ಪ್ರಶ್ನೆಯ ತೊಡಕು ಒಟ್ಟಿನಲ್ಲಿದೆ. 6:21 ಎನ್ನುವುದು ಸಿರಪ್ಪು ಮತ್ತು ಶರಬತ್ತಿನ ಅನುಪಾತ. ಸಿರಪ್ಪು ಮತ್ತು ನೀರಿನದ್ದು 6:15, ಅಂದರೆ 2:5. 56 ಲೋಟಕ್ಕೆ 16 ಸಿರಪ್, 40 ನೀರು. ಅಡ್ಡ ಗುಣಾಕಾರ ಮಾತ್ರ ಗೊತ್ತಿದ್ದ ಇಬ್ಬರು 21ನ್ನೇ ನೀರು ಎಂದು ತಿಳಿದು ಎರಡನೇ ಪ್ರಶ್ನೆಗೆ 22.5ರ ಬದಲು 31.5 ಬರೆದರು. ವಿಧಾನ ಸರಿ, ಯಾವುದು ಯಾವುದಕ್ಕೆ ಎಂಬುದು ತಪ್ಪು.

ನನಗೆ ಅತ್ಯಂತ ಹಿಡಿಸಿದ್ದು ನಾಲ್ಕನೆಯದು. ಕೂಡಿಸುವುದು ಎಲ್ಲ ಕಡೆಯೂ ತಪ್ಪಲ್ಲವಲ್ಲ. ಒಬ್ಬ ಬರೆದ: "ನಾನು 4 ವರ್ಷದವನಿದ್ದಾಗ ಅಕ್ಕನಿಗೆ 10. ನನಗೆ 6 ಆಗುವಾಗ ಅಕ್ಕನಿಗೆ 12." ವಯಸ್ಸಿನಲ್ಲಿ ವ್ಯತ್ಯಾಸ ಉಳಿಯುತ್ತದೆ, ಶರಬತ್ತಿನಲ್ಲಿ ಪಟ್ಟು ಉಳಿಯುತ್ತದೆ. ಈ ಉತ್ತರವನ್ನು ನಾನು ಇಡೀ ತರಗತಿಗೆ ಓದಿ ಹೇಳಿದೆ. 10 ಎಂದು ಹೇಳಿದ್ದ ಆ ಎದುರು ಬೆಂಚಿನ ಹುಡುಗನಿಗೆ ನಾನು ಎರಡು ದಿನ ಹೇಳಿದ್ದಕ್ಕಿಂತ ಇದು ಹೆಚ್ಚು ತಾಗಿತು ಅಂತ ಕಾಣುತ್ತದೆ. ಅವನು ಮಾಡಿದ ಲೆಕ್ಕ ಬೇರೆ ಕಡೆ ಸರಿಯಾದ ಲೆಕ್ಕವೇ ಎಂದು ತಿಳಿದ ಮೇಲೆ ಬಿಟ್ಟುಕೊಡಲು ಅವನಿಗೆ ಅಷ್ಟು ಕಷ್ಟವಾಗಲಿಲ್ಲ.

ಹಾಳೆಗಳ ಐದನೇ ಪ್ರಶ್ನೆಯನ್ನು ಗಮನಿಸಿ. ಎಲೆಯ ಹಾಳೆಯ ಐದನೆಯದು ಮಗುವನ್ನು 4:10 ಮತ್ತು 6:15ರ ತನಕ ತರುತ್ತದೆ, ಹೂವಿನ ಹಾಳೆ ಶುರುವಾಗುವುದು ಅಲ್ಲಿಂದ. ಹೂವಿನ ಹಾಳೆಯ ಐದನೆಯದು ಒಟ್ಟಿನ ಲೆಕ್ಕ, ಕಾಯಿಯ ಹಾಳೆ ಶುರುವಾಗುವುದು ಅಲ್ಲಿಂದ. ಹೀಗಾಗಿ ಐದನೆಯದು ತಾನಾಗಿ ಮಾಡಿದವರು ನಾಳೆ ಮುಂದಿನ ಹಾಳೆ ತೆಗೆದುಕೊಳ್ಳಬಹುದು, ಬೇರೆ ಪರೀಕ್ಷೆ ಬೇಡ. ಎಲೆ ಅಂದರೆ ಸುಲಭದ್ದು ಅಂತ ಮಕ್ಕಳಿಗೆ ಎರಡನೇ ದಿನಕ್ಕೇ ಗೊತ್ತಾಗಿತ್ತು, ಚಿತ್ರದಿಂದ ಮುಚ್ಚಿಡುವ ವಿಷಯ ಅಲ್ಲ ಅದು. ಮುಂದಿನದಕ್ಕೆ ಹೋಗಲು ಬಾಗಿಲು ಇದೆ ಎಂದಾದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಆರನೇ ಪ್ರಶ್ನೆ ಎಲ್ಲ ಹಾಳೆಯಲ್ಲೂ ಒಂದೇ. ಒಂದನೇ ಪಾತ್ರೆಯಲ್ಲಿ 2 ಲೋಟ ಸಿರಪ್, 5 ಲೋಟ ನೀರು. ಎರಡನೇ ಪಾತ್ರೆಯಲ್ಲಿ 4 ಲೋಟ ಸಿರಪ್, 7 ಲೋಟ ನೀರು. ಯಾವುದು ಹೆಚ್ಚು ಸಿಹಿ, ಅಥವಾ ಎರಡೂ ಒಂದೇಯಾ?

ವ್ಯತ್ಯಾಸ ಎರಡರಲ್ಲೂ 3. ಹಾಗಾಗಿ ಕೂಡಿಸುವವರು "ಒಂದೇ" ಎನ್ನುತ್ತಾರೆ. ಎಲೆಯ ಹಾಳೆಯವರಿಗೂ ಇದು ಕೈಗೆ ಸಿಗುವ ಪ್ರಶ್ನೆ, ಭಿನ್ನರಾಶಿ ಬೇಡ: ಒಂದನೇ ಪಾತ್ರೆಯಂಥದ್ದು ಎರಡು ಮಾಡಿದರೆ 4 ಲೋಟ ಸಿರಪ್‌ಗೆ 10 ಲೋಟ ನೀರು. ಎರಡನೆಯದರಲ್ಲಿ ಅದೇ 4 ಲೋಟ ಸಿರಪ್‌ಗೆ 7 ಲೋಟ ನೀರು ಮಾತ್ರ, ಆದ್ದರಿಂದ ಎರಡನೆಯದೇ ಸಿಹಿ. ಮೂರು ಹಾಳೆಯ ಮಕ್ಕಳು ಒಂದೇ ವಿಷಯಕ್ಕೆ ಜಗಳ ಮಾಡಲು ಇಂಥ ಒಂದು ಪ್ರಶ್ನೆ ಬೇಕು. ಇಲ್ಲದಿದ್ದರೆ ಒಂದು ಕೋಣೆಯಲ್ಲಿ ಮೂರು ತರಗತಿ ನಡೆದ ಹಾಗೆ ಆಗುತ್ತದೆ.

ವಿಜ್ಞಾನದ ಟೀಚರ್ ಆದ್ದರಿಂದ ನಾನು ಇದನ್ನು ಪ್ರಯೋಗವಾಗಿಯೂ ತೋರಿಸಿದೆ. ಪುನರ್ಪುಳಿಯಿಂದಲೇ ಮಾಡಬಹುದಿತ್ತು, ಆದರೆ ನೀರಿನಲ್ಲಿ ಸ್ವಲ್ಪ ಕ್ಷಾರ ಇದ್ದರೂ ಅದರ ಬಣ್ಣವೇ ಬದಲಾಗುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದೆರಡು ಹರಳನ್ನು ಬೀಕರಿನ ನೀರಿನಲ್ಲಿ ಕರಗಿಸಿ ಅದನ್ನೇ "ಸಿರಪ್" ಎಂದು ಕರೆದೆವು. ಒಂದೇ ಅಳತೆಯ ಮೂರು ಪ್ರನಾಳ. ಮೊದಲನೆಯದರಲ್ಲಿ 2 ಮಿಲಿಲೀಟರ್ ಸಿರಪ್, 5 ಮಿಲಿಲೀಟರ್ ನೀರು. ಎರಡನೆಯದರಲ್ಲಿ 4 ಮತ್ತು 7. ಮೂರನೆಯದರಲ್ಲಿ 4 ಮತ್ತು 10. ಹಿಂದೆ ಬಿಳಿ ಹಾಳೆ ಹಿಡಿದು ಪಕ್ಕದಿಂದ ನೋಡಿದರೆ ಒಂದನೆಯದೂ ಮೂರನೆಯದೂ ಒಂದೇ ಬಣ್ಣ, ಎರಡನೆಯದು ಗಾಢ. ಮೇಲಿನಿಂದ ನೋಡಲು ಬಿಡಬೇಡಿ. ಮೂರನೇ ಪ್ರನಾಳದಲ್ಲಿ ದ್ರವದ ಎತ್ತರ ಹೆಚ್ಚು, ಬೆಳಕು ಹೆಚ್ಚು ಆಳ ದಾಟಿ ಬರಬೇಕಾದ್ದರಿಂದ ಅದು ಒಂದನೆಯದಕ್ಕಿಂತ ಗಾಢವಾಗಿ, ಎರಡನೆಯದರಷ್ಟೇ ಗಾಢವಾಗಿ ಕಂಡು ಇಡೀ ವಾದ ತಲೆಕೆಳಗಾಗುತ್ತದೆ. ಮೊದಲ ಸಲ ನನ್ನಲ್ಲಿ ಹಾಗೆಯೇ ಆಯಿತು. ಬೀಕರಿನ ದ್ರಾವಣ ತೀರಾ ಕಡು ಇದ್ದರೂ ವ್ಯತ್ಯಾಸ ಕಾಣುವುದಿಲ್ಲ. ಬೀಕರಿನ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಓದಲು ಬರುವಷ್ಟು ತೆಳು ಇರಲಿ. ಬಟ್ಟೆಗೆ ಚೆಲ್ಲಿದರೆ ಕಂದು ಕಲೆ ಹೋಗುವುದಿಲ್ಲ, ಬಿಳಿ ಯೂನಿಫಾರ್ಮಿನ ದಿನ ಬೇಡ.

ಏಳನೆಯದು: ಅಂಗಳದಲ್ಲಿ ಒಂದೇ ಪದರವಾಗಿ ಹರಡಿದ 1000 ಹಣ್ಣಡಿಕೆ ಒಣಗಲು 40 ದಿನ ಬೇಕು. ಅದೇ ಅಂಗಳದಲ್ಲಿ ಹಾಗೆಯೇ ಹರಡಿದ 2000 ಹಣ್ಣಡಿಕೆ ಒಣಗಲು ಎಷ್ಟು ದಿನ ಬೇಕು?

ಕಾಯಿಯ ಹಾಳೆಯ ಆರು ಮಂದಿಯಲ್ಲಿ ನಾಲ್ವರು 80 ದಿನ ಎಂದು ಬರೆದರು. ಅಡ್ಡ ಗುಣಾಕಾರ ನೀಟಾಗಿ ಮಾಡಿ, ಕೆಳಗೆ ಎರಡು ಗೆರೆಯೂ ಎಳೆದಿದ್ದರು. ಎಲೆಯ ಹಾಳೆ ಮಾಡುತ್ತಿದ್ದ ಒಬ್ಬ ಹುಡುಗಿ, ಮನೆಯಲ್ಲಿ ಅಡಿಕೆ ತೋಟ ಇರುವವಳು, ಜೋರಾಗಿ ನಕ್ಕಳು. "ಎಂತದು ಎಂಬತ್ತು! ಬಿಸಿಲು ಎಲ್ಲದಕ್ಕೂ ಒಟ್ಟಿಗೇ ಬೀಳ್ತದಲ್ಲ." ಆ ದಿನ ತರಗತಿಯಲ್ಲಿ ಯಾರು ಯಾರಿಗೆ ಕಲಿಸಬೇಕು ಎಂಬುದು ಸ್ವಲ್ಪ ಹೊತ್ತು ತಿರುಗಿ ನಿಂತಿತ್ತು. ಪ್ರಶ್ನೆಯಲ್ಲಿ "ಒಂದೇ ಪದರವಾಗಿ" ಎಂದು ಬರೆಯಲು ಮರೆಯಬೇಡಿ. ಅದಿಲ್ಲದಿದ್ದರೆ ರಾಶಿ ಹಾಕಿದರೆ ತಡವಾಗುತ್ತದೆ ಎಂಬ ನ್ಯಾಯವಾದ ತಕರಾರು ಬರುತ್ತದೆ. ಇದೇ ಜಾಗದಲ್ಲಿ ವಿಲೋಮ ಅನುಪಾತದ ಲೆಕ್ಕವನ್ನೂ ತುರುಕಿಸಲು ನನಗೆ ಆಸೆಯಾಗಿತ್ತು, ಆಳು ಹೆಚ್ಚಾದರೆ ದಿನ ಕಮ್ಮಿ ಎಂಬಂಥದ್ದು. ಬಿಟ್ಟೆ. ಅದಕ್ಕೆ ಬೇರೆ ಹಾಳೆ ಬೇಕು.

ನಮ್ಮ ಗಡಿಯ ಶಾಲೆಗಳಿಗೆ ಮಾತ್ರ ಇರುವ ಒಂದು ತೊಡಕನ್ನೂ ಹೇಳಬೇಕು. ಕನ್ನಡದಲ್ಲಿ 2:5ನ್ನು ಅನುಪಾತ ಎನ್ನುತ್ತೇವೆ, ಎರಡು ಅನುಪಾತ ಸಮ ಇದ್ದರೆ ಸಮಾನುಪಾತ. ಮಲಯಾಳದಲ್ಲಿ 2:5ಕ್ಕೆ ಅಂಶಬಂಧ ಎನ್ನುತ್ತಾರೆ, ನಾವು ಸಮಾನುಪಾತ ಎನ್ನುವುದಕ್ಕೆ ಅವರು ಅನುಪಾತ ಎನ್ನುತ್ತಾರೆ. ಮನೆಯಲ್ಲಿ ಮಲಯಾಳ ಆಡುವ, ಅಣ್ಣನ ಮಲಯಾಳ ಮಾಧ್ಯಮದ ನೋಟ್ಸ್ ನೋಡಿ ಓದುವ ಮಗುವಿಗೆ "ಅನುಪಾತ ಬರೆಯಿರಿ" ಎಂದರೆ ಏನು ಬರೆಯಬೇಕು ಎಂಬುದೇ ಗೊಂದಲ. ಟ್ರೈನಿಂಗಿಗೆ ಹೋಗಿ ಬಂದ ನಮಗೂ ನಾಲಿಗೆ ತಪ್ಪುತ್ತದೆ. ಆದ್ದರಿಂದ ಮೂರೂ ಹಾಳೆಯಲ್ಲಿ ಆ ಎರಡು ಶಬ್ದಗಳನ್ನೇ ಬಿಟ್ಟು "ಅದೇ ರುಚಿ" ಎಂದು ಬರೆದೆ. ಚೀಟಿಯನ್ನು ಖಾಲಿ ಬಿಟ್ಟಿದ್ದ ಇಬ್ಬರನ್ನು ಕರೆದು ಒಬ್ಬನಿಗೆ ತುಳುವಿನಲ್ಲಿ, ಇನ್ನೊಬ್ಬಳಿಗೆ ಮಲಯಾಳದಲ್ಲಿ ಬಾಯಲ್ಲೇ ಕೇಳಿದೆ. ಅವಳು ಎರಡಕ್ಕೂ 15 ಎಂದಳು. ಸುಲಭದ ಹಾಳೆ ಕೊಡಲು ನಾನು ತೆಗೆದಿಟ್ಟಿದ್ದ ಹುಡುಗಿ ಅವಳು. ಅವಳಿಗೆ ಕಷ್ಟವಾದದ್ದು ಕನ್ನಡದ ವಾಕ್ಯ, ಲೆಕ್ಕ ಅಲ್ಲ. ಚೀಟಿ ಖಾಲಿ ಬಂದರೆ ಗುಂಪು ನಿರ್ಧರಿಸುವ ಮೊದಲು ಒಮ್ಮೆ ಓದಿ ಹೇಳಿ ನೋಡಿ. ಶಬ್ದಗಳನ್ನು ಆಮೇಲೆ, ಹಾಳೆ ಮುಗಿದ ನಂತರ, ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆ.

ಇದಕ್ಕೆ ಒಟ್ಟು ನಾಲ್ಕು ಪೀರಿಯಡ್ ಹಿಡಿಯಿತು: ಚೀಟಿಗೆ ಅರ್ಧ, ಹಾಳೆಗೆ ಎರಡು, ಪಾತ್ರೆ ಮತ್ತು ಅಡಿಕೆಯ ಜಗಳಕ್ಕೆ ಒಂದೂವರೆ. ರಸಾಯನಶಾಸ್ತ್ರದ ಪಾಠ ಅಷ್ಟು ಹಿಂದೆ ಬಿತ್ತು. ಎರಡು ವಾರ ಬಿಟ್ಟು ಅದೇ ಪಾಠದಲ್ಲಿ ಹೊಸ ಪ್ರಶ್ನೆ ಕೊಟ್ಟೆ: 3 ಗ್ರಾಂ ಮೆಗ್ನೀಸಿಯಂ ಉರಿದಾಗ 2 ಗ್ರಾಂ ಆಕ್ಸಿಜನ್ ಸೇರುತ್ತದೆ. 4.5 ಗ್ರಾಂ ಮೆಗ್ನೀಸಿಯಂ ಉರಿದರೆ ಎಷ್ಟು ಆಕ್ಸಿಜನ್ ಸೇರುತ್ತದೆ? ಶರಬತ್ತು ಇಲ್ಲ, ದಶಮಾಂಶ ಇದೆ, ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಚಿಕ್ಕದು. ಸರಿ ಉತ್ತರ 3, ವ್ಯತ್ಯಾಸ ಕೂಡಿಸಿದರೆ 3.5.

ಮೂವರು 3.5 ಬರೆದರು. ಮೂವರೂ ಎಲೆಯ ಹಾಳೆಯ ನಾಲ್ಕನೇ ಪ್ರಶ್ನೆಯನ್ನು ಪಕ್ಕದವರಿಂದ ನೋಡಿ ಬರೆದಿದ್ದವರು, ಹಾಳೆ ತೆಗೆದು ನೋಡಿದಾಗ ಗೊತ್ತಾಯಿತು. 28 ಇದೆ, 4 ಎಂಬ ಮೂರನೇ ಉತ್ತರ ಇಲ್ಲ. ಎದುರು ಬೆಂಚಿನ ಹುಡುಗ 3 ಬರೆದಿದ್ದ. ಪಕ್ಕದಲ್ಲಿ ಪೆನ್ಸಿಲಿನಲ್ಲಿ "3ಕ್ಕೆ 2, 1.5ಕ್ಕೆ 1" ಎಂದಿತ್ತು. ಉಳಿದ ಮೂವರಿಗೆ ಈಗ ಎರಡು ಸ್ಕೇಲನ್ನು ಒಂದರ ಕೆಳಗೆ ಒಂದು ಬರೆಸುತ್ತಿದ್ದೇನೆ. ಮೇಲಿನದರಲ್ಲಿ 3, 6, 9, ಕೆಳಗಿನದರಲ್ಲಿ ಅದರ ನೇರಕ್ಕೆ 2, 4, 6. ಮೊನ್ನೆ ಅವರಲ್ಲಿ ಒಬ್ಬ 3 ಮತ್ತು 6ರ ನಡುವೆ ಬೆರಳಿಟ್ಟು, ಕೆಳಗೆ ಏನು ಬರುತ್ತದೆ ಅಂತ ಕೇಳಿದ್ದಾನೆ. ಉತ್ತರ ನಾನು ಹೇಳಲಿಲ್ಲ.